ಡಿಸ್ಕೌಂಟಿನಲ್ಲಿ ಕೊಟ್ಟ ಡಿಬೆಂಚರ್: ಆ ಮೂರು ಲಕ್ಷವನ್ನು ನಾನು ಹಂಚಿದ ರೀತಿ

ನಾನು ಲೆಕ್ಕಪತ್ರ ನೋಡಿಕೊಳ್ಳುವ ಪ್ರೈವೇಟ್ ಲಿಮಿಟೆಡ್ ಕಂಪನಿಯೊಂದು 2019ರ ಅಕ್ಟೋಬರ್ 1ರಂದು ಶೇ. 9 ಬಡ್ಡಿಯ ಡಿಬೆಂಚರ್, ಅಂದರೆ ಸಾಲಪತ್ರ, ಕೊಟ್ಟಿತು. ಮುಖಬೆಲೆ ತಲಾ 100 ರೂಪಾಯಿ, ಒಟ್ಟು 50 ಲಕ್ಷ. ಹೂಡಿಕೆದಾರರಿಂದ ತೆಗೆದುಕೊಂಡದ್ದು ತಲಾ 94 ರೂಪಾಯಿ. ಅಂದರೆ ಬ್ಯಾಂಕಿಗೆ ಬಂದದ್ದು 47 ಲಕ್ಷ, ತೀರಿಸಬೇಕಾದದ್ದು 50 ಲಕ್ಷ. ಪ್ರತಿ ಸೆಪ್ಟೆಂಬರ್ 30ಕ್ಕೆ 10 ಲಕ್ಷದಂತೆ ಐದು ಕಂತು.

ಷೇರುಗಳನ್ನು ಡಿಸ್ಕೌಂಟಿನಲ್ಲಿ ಕೊಡುವುದಕ್ಕೆ 2013ರ ಕಂಪನಿ ಕಾಯ್ದೆಯ 53ನೇ ಸೆಕ್ಷನ್ ಅಡ್ಡ ಬರುತ್ತದೆ. ಡಿಬೆಂಚರಿಗೆ ಆ ತಡೆ ಇಲ್ಲ.

ಮೊದಲ ನಮೂದು ಸುಲಭದ್ದು. ಬ್ಯಾಂಕ್ ಖಾತೆಗೆ 47 ಲಕ್ಷ ಡೆಬಿಟ್, ‘ಡಿಬೆಂಚರ್ ಡಿಸ್ಕೌಂಟ್’ ಎಂಬ ಪ್ರತ್ಯೇಕ ಲೆಡ್ಜರಿಗೆ 3 ಲಕ್ಷ ಡೆಬಿಟ್, ಡಿಬೆಂಚರ್ ಖಾತೆಗೆ ಪೂರ್ತಿ 50 ಲಕ್ಷ ಕ್ರೆಡಿಟ್. ಡಿಬೆಂಚರ್ ಖಾತೆಯಲ್ಲಿ 47 ಲಕ್ಷ ಬರೆದುಬಿಟ್ಟರೆ ಬಡ್ಡಿಯ ಲೆಕ್ಕವೂ ತಪ್ಪುತ್ತದೆ, ಏಕೆಂದರೆ ಶೇ. 9 ಬಡ್ಡಿ ಕಟ್ಟಬೇಕಾದದ್ದು ಮುಖಬೆಲೆಯ ಮೇಲೆ.

ಪ್ರಶ್ನೆ ಹುಟ್ಟಿದ್ದು ಆ 3 ಲಕ್ಷದ ಬಗ್ಗೆ. ಅದು ಒಂದೇ ವರ್ಷದ ಖರ್ಚಲ್ಲ, ಸಾಲ ಇರುವಷ್ಟು ಕಾಲವೂ ಹಣ ಬಳಸಿದ್ದಕ್ಕೆ ತೆರುವ ಬೆಲೆ. ನಮ್ಮಂಥ ಕಂಪನಿಗೆ ಅನ್ವಯಿಸುವ, ಸಾಲದ ವೆಚ್ಚದ ಕುರಿತ ಲೆಕ್ಕ ಮಾನದಂಡ ಎಎಸ್ 16 ಕೂಡ ಅದನ್ನು ಸಾಲದ ವೆಚ್ಚದಲ್ಲೇ ಸೇರಿಸುತ್ತದೆ. ನಿರ್ದೇಶಕರಲ್ಲಿ ಒಬ್ಬರು, “ಐದು ವರ್ಷ ಅಲ್ವಾ, ವರ್ಷಕ್ಕೆ 60 ಸಾವಿರ ಹಾಕಿಬಿಡಿ” ಅಂದರು. ಸಾಲವನ್ನೆಲ್ಲ ಕೊನೆಯಲ್ಲಿ ಒಟ್ಟಿಗೆ ತೀರಿಸುವುದಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಇಲ್ಲಿ ಸಾಲ ವರ್ಷವರ್ಷ ಕರಗುತ್ತದೆ. “ಸರ್, ಮೊದಲ ವರ್ಷ 50 ಲಕ್ಷ ನಮ್ಮ ಕೈಲಿರುತ್ತೆ, ಕೊನೇ ವರ್ಷ ಬರೀ 10 ಲಕ್ಷ. ಎರಡಕ್ಕೂ ಒಂದೇ ಖರ್ಚು ಹಾಕಿದರೆ ಹೇಗೆ?” ಎಂದೆ. 50 ಲಕ್ಷಕ್ಕೆ 60 ಸಾವಿರವೆಂದರೆ ಶೇ. 1.2, 10 ಲಕ್ಷಕ್ಕೆ ಅದೇ ಶೇ. 6. ಅವರು ಒಪ್ಪಿದರು.

ಹಾಗಾಗಿ ಬಾಕಿ ಸಾಲದ ಅನುಪಾತದಲ್ಲಿ ಹಂಚಿದೆ. ಸಾಲದ ವರ್ಷಗಳನ್ನೇ ನೋಡಿದರೆ 5:4:3:2:1 ಸಾಕು. ಆದರೆ ನಮ್ಮ ಲೆಕ್ಕದ ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ, ಕಂತು ಸೆಪ್ಟೆಂಬರಿನಲ್ಲಿ. ಅದಕ್ಕೆ ‘ಲಕ್ಷ-ತಿಂಗಳು’ ಎಂಬ ಅಳತೆ ಇಟ್ಟುಕೊಂಡೆ: ಎಷ್ಟು ಲಕ್ಷ, ಎಷ್ಟು ತಿಂಗಳು ಬಾಕಿ ಇತ್ತು ಎಂಬುದರ ಗುಣಲಬ್ಧ. 2019-20ರಲ್ಲಿ 50 ಲಕ್ಷ ಆರು ತಿಂಗಳು, ಅಂದರೆ 300. ಮುಂದಿನ ವರ್ಷ ಆರು ತಿಂಗಳು 50 ಲಕ್ಷ, ಇನ್ನಾರು ತಿಂಗಳು 40 ಲಕ್ಷ, ಒಟ್ಟು 540. ಹೀಗೇ ಮುಂದಕ್ಕೆ 420, 300, 180, ಕೊನೆಗೆ 60. ಎಲ್ಲ ಕೂಡಿಸಿದರೆ 1,800. 3 ಲಕ್ಷವನ್ನು ಈ ಪ್ರಮಾಣದಲ್ಲಿ ಒಡೆದಾಗ ಬಂದ ಖರ್ಚು ಕ್ರಮವಾಗಿ 50,000, 90,000, 70,000, 50,000, 30,000, 10,000.

ಐದು ವರ್ಷದ ಸಾಲಕ್ಕೆ ಆರು ಲೆಕ್ಕದ ವರ್ಷ, ಇದನ್ನು ಮರೆಯಬಾರದು. ಲೆಕ್ಕ ಸರಿಯಿದೆಯೇ ಎಂದು ನೋಡಲು ನಾನು ಮಾಡುವ ಪರೀಕ್ಷೆ ಒಂದೇ: ಆ ವರ್ಷದ ಖರ್ಚನ್ನು ಸರಾಸರಿ ಬಾಕಿಗೆ ಭಾಗಿಸುವುದು. 2020-21ರಲ್ಲಿ ಸರಾಸರಿ 45 ಲಕ್ಷ, ಖರ್ಚು 90 ಸಾವಿರ, ಶೇ. 2. 2021-22ರಲ್ಲಿ 35 ಲಕ್ಷಕ್ಕೆ 70 ಸಾವಿರ, ಅದೂ ಶೇ. 2. ಯಾವುದಾದರೂ ವರ್ಷ ಈ ದರ ಬೇರೆ ಬಂದರೆ ತಿಂಗಳು ಎಣಿಸುವುದರಲ್ಲೇ ಎಡವಟ್ಟಾಗಿರುತ್ತದೆ.

ಪ್ರತಿ ಮಾರ್ಚ್ 31ಕ್ಕೆ ಹಣಕಾಸು ವೆಚ್ಚಕ್ಕೆ ಡೆಬಿಟ್, ಡಿಸ್ಕೌಂಟ್ ಲೆಡ್ಜರಿಗೆ ಕ್ರೆಡಿಟ್. ಉಳಿದದ್ದು ಬ್ಯಾಲೆನ್ಸ್ ಶೀಟಿನ ಆಸ್ತಿ ಕಡೆ ಹೋಗುತ್ತದೆ, ಆದರೆ ಎರಡು ಭಾಗವಾಗಿ. 2020ರ ಮಾರ್ಚ್‌ನಲ್ಲಿ ಉಳಿದ 2,50,000ದಲ್ಲಿ ಮುಂದಿನ ಹನ್ನೆರಡು ತಿಂಗಳಲ್ಲಿ ಖರ್ಚಾಗುವ 90,000ವನ್ನು ಇತರ ಚಾಲ್ತಿ ಆಸ್ತಿಯಲ್ಲೂ, 1,60,000ವನ್ನು ದೀರ್ಘಾವಧಿ ಆಸ್ತಿಯಲ್ಲೂ ತೋರಿಸಿದೆ.

ಕಂಪನಿಯ ಬಳಿ ಸೆಕ್ಯುರಿಟೀಸ್ ಪ್ರೀಮಿಯಂ, ಅಂದರೆ ಮುಖಬೆಲೆಗಿಂತ ಹೆಚ್ಚಿಗೆ ಷೇರು ಕೊಟ್ಟಾಗ ಬಂದ ಹೆಚ್ಚುವರಿ ಹಣ, ಇದ್ದಿದ್ದರೆ 52ನೇ ಸೆಕ್ಷನ್ ಪ್ರಕಾರ ಡಿಸ್ಕೌಂಟನ್ನು ಅದರಿಂದಲೇ ಕಳೆಯಬಹುದಿತ್ತು. ನಮ್ಮಲ್ಲಿ ಅದು ಇರಲಿಲ್ಲ. ಇಂಡ್ ಎಎಸ್ ಎಂಬ, ಅಂತರರಾಷ್ಟ್ರೀಯ ಮಾದರಿಯ ಲೆಕ್ಕ ಮಾನದಂಡ ಅನುಸರಿಸುವ ಕಂಪನಿಗಳಿಗೆ ಡಿಬೆಂಚರ್ ವಿಷಯದಲ್ಲಿ ಆ ದಾರಿ ಇಲ್ಲ. ಅವರು ಬಡ್ಡಿ, ಡಿಸ್ಕೌಂಟ್ ಎರಡನ್ನೂ ಒಂದೇ ದರದಲ್ಲಿ ಸೇರಿಸುವ ಪರಿಣಾಮಕಾರಿ ಬಡ್ಡಿದರದ ವಿಧಾನದಲ್ಲೇ ಹೋಗಬೇಕು.

ತೆರಿಗೆಗೂ ಇದೇ ಹಂಚಿಕೆ ಹಿಡಿದೆ. ಮದ್ರಾಸ್ ಇಂಡಸ್ಟ್ರಿಯಲ್ ಇನ್ವೆಸ್ಟ್‌ಮೆಂಟ್ ಕಾರ್ಪೊರೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ, ಇಂಥ ಡಿಸ್ಕೌಂಟ್ ವ್ಯವಹಾರದ ಖರ್ಚೇ ಹೌದು, ಆದರೆ ಅದನ್ನು ಡಿಬೆಂಚರಿನ ಅವಧಿಗೆ ಹಂಚಬೇಕು ಎಂದಿತು. ಅಲ್ಲೂ ಡಿಸ್ಕೌಂಟ್ 3 ಲಕ್ಷವೇ, ಅವಧಿ ಮಾತ್ರ ಹನ್ನೆರಡು ವರ್ಷ.

2023ರ ಸೆಪ್ಟೆಂಬರಿನಲ್ಲಿ ಕಂಪನಿ ಆ ವರ್ಷದ ಕಂತಿನ ಜೊತೆಗೆ ಕೊನೆಯ 10 ಲಕ್ಷವನ್ನೂ ಮೊದಲೇ ತೀರಿಸಿತು. ಆ ದಿನದವರೆಗಿನ ಆರು ತಿಂಗಳ ಪಾಲು 20,000. ಲೆಡ್ಜರಿನಲ್ಲಿ ಇನ್ನೂ 20,000 ಉಳಿದಿತ್ತು. ಸಾಲವೇ ಇಲ್ಲದ ಮೇಲೆ ಅದನ್ನು 2024-25ಕ್ಕೆ ಎಳೆಯುವಂತಿಲ್ಲ, ಹಾಗಾಗಿ ಅಂದೇ ಪೂರ್ತಿ ಖರ್ಚಿಗೆ ಹಾಕಿ ಲೆಡ್ಜರನ್ನು ಸೊನ್ನೆ ಮಾಡಿದೆ.