ನಮ್ಮ ಡೆಂಗ್ಯೂ ಪೋಸ್ಟರ್‌ನಲ್ಲಿ ಕೊನೆಗೆ ಉಳಿದಿದ್ದು ಮೂರೇ ಪದ

ಬಸ್ ಸ್ಟಾಪ್ ಪಕ್ಕದ ಗೋಡೆಗೆ ನಾವು ಅಂಟಿಸಿದ್ದ ಮೊದಲ ಪೋಸ್ಟರ್‌ನಲ್ಲಿ ಒಂಬತ್ತು ಸೂಚನೆಗಳಿದ್ದವು. ಮೇಲೆ ದೊಡ್ಡದಾಗಿ 'ಸೊಳ್ಳೆ ಉತ್ಪತ್ತಿ ತಾಣಗಳನ್ನು ನಾಶಪಡಿಸಿ' ಎಂದಿತ್ತು. ಅದನ್ನು ದಾಟಿ ಹೋದ ಹತ್ತು ಜನರನ್ನು ಸ್ವಲ್ಪ ಮುಂದೆ ನಿಲ್ಲಿಸಿ, ಅದರಲ್ಲಿ ಏನು ಮಾಡಿ ಅಂತ ಇತ್ತು ಎಂದು ಕೇಳಿದೆ. 'ಡೆಂಗ್ಯೂ ಬಗ್ಗೆ ಏನೋ ಇತ್ತು' ಎಂದರು ಕೆಲವರು. ಏನು ಮಾಡಬೇಕು ಅಂತ ಒಬ್ಬರೂ ಹೇಳಲಿಲ್ಲ.

ಒಂದೇ ಕೆಲಸ ಇಟ್ಟುಕೊಳ್ಳೋಣ ಎಂದು 'ವಾರಕ್ಕೊಮ್ಮೆ ನೀರು ಚೆಲ್ಲಿ' ಎಂದು ಬರೆದೆವು. ಅದೂ ತಪ್ಪಾಯಿತು. ನಮ್ಮಲ್ಲಿ ನೀರು ಬರುವುದೇ ಶನಿವಾರ, ಕಷ್ಟಪಟ್ಟು ತುಂಬಿಸಿದ ಡ್ರಮ್ಮನ್ನು ಯಾರು ಚೆಲ್ಲುತ್ತಾರೆ, ಅಲ್ವಾ? ಜೊತೆಗೆ, ಸುಮ್ನೆ ಚೆಲ್ಲಿದರೆ ಸಾಲದು. ಈ ಸೊಳ್ಳೆಯ ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿಕೊಂಡು, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ, ಮತ್ತೆ ನೀರು ತುಂಬಿದಾಗ ಮರಿಯಾಗುತ್ತದೆ. ಮೊಟ್ಟೆ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕು, ಹಾಗಾಗಿ ವಾರಕ್ಕೊಮ್ಮೆ ಉಜ್ಜಿದರೆ ಆ ಸರಣಿ ಕಡಿಯುತ್ತದೆ.

ಡ್ರಮ್ ಖಾಲಿಯಾಗುವುದು ಶುಕ್ರವಾರ. ಅದಕ್ಕೇ ಕೊನೆಗೆ ಬರೆದಿದ್ದು: 'ಶುಕ್ರವಾರ ಡ್ರಮ್ ಉಜ್ಜಿ'. ಕೆಳಗೆ ಬ್ರಷ್ ಹಿಡಿದ ಒಂದು ಕೈಯ ಚಿತ್ರ, ಅಷ್ಟೇ.

ಅಕ್ಷರ ಮೂರು ಇಂಚು ಎತ್ತರ ಮಾಡಿದೆವು, ಹತ್ತು ಅಡಿ ದೂರಕ್ಕೆ ಒಂದು ಇಂಚಿನ ಲೆಕ್ಕದಲ್ಲಿ. ಕನ್ನಡದಲ್ಲಿ ಒತ್ತಕ್ಷರ ದೂರದಿಂದ ಕಲಸಿಹೋಗುತ್ತದೆ, ಅದಕ್ಕೆ ಸಾಲುಗಳ ನಡುವೆ ಜಾಗ ಜಾಸ್ತಿ ಬಿಟ್ಟೆವು. ಮತ್ತೆ ಹತ್ತು ಜನರನ್ನು ಕೇಳಿದಾಗ ಏಳು ಜನ 'ಶುಕ್ರವಾರ' ಎಂದರು. ಬೇರೆ ದಿನ ನೀರು ಬರುವ ಪಕ್ಕದ ಬೀದಿಗೆ ಮಾತ್ರ ದಿನ ಬದಲಿಸಿ ಬೇರೆಯೇ ಪ್ರಿಂಟ್ ಹಾಕಿಸಬೇಕಾಯಿತು.