‘ನೇಮಕ ಸದ್ಯಕ್ಕೆ ನಿಂತಿದೆ’ ಎಂದ ಕಂಪನಿಗೆ ಮತ್ತೆ ಬರೆಯುವುದು ಹೇಗೆ?

ಕಳೆದ ವರ್ಷ ನವೆಂಬರಿನಲ್ಲಿ ನನ್ನ ಅಕ್ಕನ ಮಗನಿಗೆ ಪುಣೆಯ ಖರಾಡಿಯ ಒಂದು ಕಂಪನಿಯಿಂದ ಮೇಲ್ ಬಂತು. ಸಾಫ್ಟ್‌ವೇರ್ ಟೆಸ್ಟಿಂಗ್ ಹುದ್ದೆಯ ಸಂದರ್ಶನಗಳು ಮುಗಿದು, ಸಂಬಳದ ಮಾತೂ ಆಗಿ, ಪೇಸ್ಲಿಪ್‌ಗಳನ್ನು ಕಳಿಸಿದ ಮೇಲೆ ಬಂದ ಮೇಲ್ ಅದು. ಕಂಪನಿಯಲ್ಲಿ ಹೊಸ ನೇಮಕ ಸ್ಥಗಿತಗೊಂಡಿರುವುದರಿಂದ ಹುದ್ದೆಯನ್ನು ಸದ್ಯಕ್ಕೆ ತಡೆಹಿಡಿಯಲಾಗಿದೆ ಎಂದಷ್ಟೇ ಅದರಲ್ಲಿತ್ತು. ಹುಡುಗ ಹತ್ತೇ ನಿಮಿಷದಲ್ಲಿ “ಮತ್ತೆ ಯಾವಾಗ ಶುರುವಾಗುತ್ತದೆ?” ಎಂದು ಕೇಳಿದ, ಆಮೇಲೆ ಪ್ರತಿ ಸೋಮವಾರ ಅದೇ ಪ್ರಶ್ನೆಯನ್ನು ಕಳಿಸಿದ. ನಾಲ್ಕನೆಯ ವಾರ ಕೋಥರೂಡಿನ ನಮ್ಮ ಮನೆಗೆ ಬಂದು, “ಮಾಮಾ, ಈ ಸೋಮವಾರನೂ ಉತ್ತರ ಬರಲಿಲ್ರೀ” ಎಂದು ಫೋನನ್ನು ನನ್ನ ಕೈಗಿಟ್ಟ. ನೇಮಕಾತಿ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದವನಾಗಿ ಇಂಥ ಸೋಮವಾರದ ಪತ್ರಗಳನ್ನು ನಾನು ಸಾಕಷ್ಟು ಓದಿದ್ದೇನೆ. ಅವುಗಳಿಗೆ ಉತ್ತರಿಸದೆ ಬಿಟ್ಟದ್ದಕ್ಕೆ ಕಾರಣ ತಾತ್ಸಾರವಲ್ಲ. ಹೇಳಲು ನಮ್ಮ ಬಳಿಯೂ ದಿನಾಂಕ ಇರುತ್ತಿರಲಿಲ್ಲ.

ಮೊದಲ ಹೆಜ್ಜೆ ಸುಲಭ: ಆ ದಿನ ಅಥವಾ ಮರುದಿನ ಸೌಜನ್ಯದಿಂದ ಒಂದು ಉತ್ತರ ಬರೆಯಬೇಕು. ಸಾಮಾನ್ಯವಾಗಿ ಎಡವುವುದು ಆ ಉತ್ತರದಲ್ಲಿ ಏನನ್ನು ಕೇಳಬೇಕು ಎಂಬಲ್ಲಿ. ‘ಯಾವಾಗ’ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ರಿಕ್ರೂಟರ್‌ಗೆ ನಿಜವಾಗಿಯೂ ಗೊತ್ತಿರುವ ಮೂರು ಸಂಗತಿಗಳನ್ನು ಕೇಳಿ. ಈ ಹುದ್ದೆ ಬಿಟ್ಟುಹೋದವರೊಬ್ಬರ ಜಾಗಕ್ಕೋ, ಹೊಸದಾಗಿ ಮಂಜೂರಾದದ್ದೋ? ಸ್ಥಗಿತವು ಇಡೀ ಕಂಪನಿಗೋ, ಈ ವಿಭಾಗಕ್ಕೆ ಮಾತ್ರವೋ? ಹುದ್ದೆಗಳನ್ನು ಮತ್ತೆ ಪರಿಶೀಲಿಸುವುದು ಯಾವ ತಿಂಗಳಲ್ಲಿ?

ಇವುಗಳಲ್ಲಿ ಮೊದಲನೆಯ ಪ್ರಶ್ನೆಯೇ ಹೆಚ್ಚು ಬೆಲೆಯುಳ್ಳದ್ದು. ಬಿಟ್ಟುಹೋದವರ ಕೆಲಸವನ್ನು ತಂಡದ ಉಳಿದವರು ಹಂಚಿಕೊಂಡು ಮಾಡುತ್ತಿರುತ್ತಾರೆ, ಆ ಹೊರೆ ಮ್ಯಾನೇಜರ್‌ನ ಕಣ್ಣೆದುರಿಗೇ ಇರುತ್ತದೆ. ಆದ್ದರಿಂದ ಅಂಥ ಹುದ್ದೆಗೆ ಸ್ಥಗಿತದ ನಡುವೆಯೂ ವಿಶೇಷ ಅನುಮತಿ ಕೇಳಲು ಅವರಿಗೆ ಕಾರಣ ಸಿಗುತ್ತದೆ. ಹೊಸ ಯೋಜನೆಗಾಗಿ ಸೃಷ್ಟಿಸಿದ ಹುದ್ದೆಯಾದರೆ ಆ ಯೋಜನೆಯೇ ಮುಂದಕ್ಕೆ ಹೋಗಿರಬಹುದು. ಅಂಥದ್ದನ್ನು ಕಾಯುತ್ತಾ ಬೇರೆ ಸಂದರ್ಶನಗಳನ್ನು ಬಿಡಬೇಡಿ ಎನ್ನುವುದು ನನ್ನ ಖಚಿತವಾದ ಸಲಹೆ. ಉತ್ತರದಲ್ಲಿ ‘ತಡೆಹಿಡಿಯಲಾಗಿದೆ’ ಎಂಬುದರ ಬದಲು ‘ರದ್ದಾಗಿದೆ’ ಎಂದಿದ್ದರೆ ಆ ಹುದ್ದೆ ಮುಗಿಯಿತೆಂದೇ ತಿಳಿಯಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಆಫರ್ ಲೆಟರ್ ಕೈಸೇರದೆ ಈಗಿರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ನೋಟಿಸ್ ಅವಧಿ ಮೂರು ತಿಂಗಳಿದೆ, ಬೇಗ ಬರುತ್ತೇನೆಂದು ತೋರಿಸಿದರೆ ಒಳ್ಳೆಯದು ಎಂದುಕೊಂಡು, ಕಂಪನಿಯ ಬಾಯಿಮಾತನ್ನು ನಂಬಿ ರಾಜೀನಾಮೆ ಕೊಟ್ಟವರು ಎರಡೂ ಕಡೆ ಕಳೆದುಕೊಂಡದ್ದನ್ನು ನಾನು ಕಂಡಿದ್ದೇನೆ. ‘ತಡೆಹಿಡಿದ ಹುದ್ದೆಯನ್ನು ಬಿಡಿಸಿಕೊಡುತ್ತೇವೆ’ ಎಂದು ಕರೆಮಾಡಿ ಶುಲ್ಕ ಕೇಳುವವರು ಯಾರೇ ಆಗಿರಲಿ, ಅವರು ಮೋಸಗಾರರು.

ಎರಡನೆಯ ಹೆಜ್ಜೆ ಕಾಲವನ್ನು ಗೊತ್ತುಮಾಡಿಕೊಳ್ಳುವುದು. ಭಾರತೀಯ ಕಂಪನಿಗಳ ಲೆಕ್ಕದ ವರ್ಷ ಸಾಮಾನ್ಯವಾಗಿ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ನಡೆಯುತ್ತದೆ. ಖರಾಡಿ, ಹಿಂಜವಡಿಗಳಲ್ಲಿರುವ ಅನೇಕ ವಿದೇಶಿ ಕಂಪನಿಗಳದ್ದು ಜನವರಿಯಿಂದ ಡಿಸೆಂಬರ್‌ವರೆಗೆ. ವರ್ಷದ ಕೊನೆಯಲ್ಲಿ ನಿಂತ ನೇಮಕಕ್ಕೆ ಹೊಸ ವರ್ಷದ ಬಜೆಟ್ಟಿನಲ್ಲಿ ಮತ್ತೆ ಜೀವ ಬರುವ ಸಂಭವ ಹೆಚ್ಚು. ಆದರೆ ಆ ಮಂಜೂರಾತಿ ಮೇಲಿನಿಂದ ಇಳಿದು ತಂಡದ ಮ್ಯಾನೇಜರ್‌ನ ಕೈಸೇರಲು ಕೆಲವು ವಾರಗಳೇ ಬೇಕಾಗುತ್ತವೆ. ಆದ್ದರಿಂದ ಹೊಸ ವರ್ಷದ ಮೊದಲ ವಾರದಲ್ಲಿ ಬರೆಯುವುದಕ್ಕಿಂತ ಮೂರನೆಯ ವಾರದಲ್ಲಿ ಬರೆಯುವುದು ಮೇಲು. ನಡುವೆ ಐದಾರು ವಾರಕ್ಕೊಮ್ಮೆ ಬರೆದರೆ ಸಾಕು. ನನ್ನ ಸೋದರಳಿಯನ ಕಂಪನಿ ಅಮೆರಿಕದ್ದಾಗಿದ್ದರಿಂದ, ಸೋಮವಾರದ ಪತ್ರಗಳನ್ನು ನಿಲ್ಲಿಸಿ ಜನವರಿಯ ಮೂರನೆಯ ವಾರಕ್ಕಾಗಿ ಕಾಯಬೇಕೆಂದು ಅವನಿಗೆ ಹೇಳಿದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಜನ ಕೈತಪ್ಪಿಸಿಕೊಳ್ಳುವ ಹಂತ. ಪ್ರತಿ ಹುದ್ದೆಗೂ ಕಂಪನಿಯೊಳಗೆ ಒಂದು ಸಂಖ್ಯೆ ಇರುತ್ತದೆ. ಜಾಹೀರಾತಿನ ಮೂಲೆಯಲ್ಲೋ, ನೀವು ಅರ್ಜಿ ಹಾಕಿದಾಗ ಬಂದ ಮೇಲ್‌ನಲ್ಲೋ ಅದು ಸಿಗುತ್ತದೆ. ನೇಮಕ ಮತ್ತೆ ಆರಂಭವಾದಾಗ ಹಳೆಯ ಸಂಖ್ಯೆಯೇ ಜೀವಂತವಾಗುತ್ತದೆಂಬ ಭರವಸೆಯಿಲ್ಲ. ಅನೇಕ ಕಡೆ ಹಳೆಯದನ್ನು ಮುಚ್ಚಿ ಹೊಸ ಸಂಖ್ಯೆಯಲ್ಲಿ ಹುದ್ದೆಯನ್ನು ತೆರೆಯುತ್ತಾರೆ. ಆಗ ನಿಮ್ಮ ಅರ್ಜಿ, ನಾಲ್ಕು ಸುತ್ತಿನ ಸಂದರ್ಶನದ ಟಿಪ್ಪಣಿಗಳು ಎಲ್ಲವೂ ಹಳೆಯ ಸಂಖ್ಯೆಯಡಿಯಲ್ಲೇ ಉಳಿದು, ಹೊಸ ಹುದ್ದೆಯ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುವುದಿಲ್ಲ. ಅದರ ಜೊತೆಗೆ, ಸ್ಥಗಿತ ಬಂದಾಗ ಕೆಲಸ ಕಡಿಮೆಯಾಗುವುದು ನೇಮಕಾತಿ ವಿಭಾಗಕ್ಕೇ. ಗುತ್ತಿಗೆಯ ಮೇಲಿದ್ದ ರಿಕ್ರೂಟರ್‌ಗಳು ಅಷ್ಟರಲ್ಲಿ ಬಿಟ್ಟುಹೋಗಿರಬಹುದು. ನಿಮ್ಮನ್ನು ನೆನಪಿಟ್ಟುಕೊಂಡ ವ್ಯಕ್ತಿಯೂ ಇಲ್ಲ, ದಾಖಲೆಯೂ ಕಣ್ಣಿಗೆ ಬೀಳುವುದಿಲ್ಲ.

ಆದ್ದರಿಂದ ಸ್ಥಗಿತದ ಸುದ್ದಿ ಬಂದ ದಿನವೇ ಹುದ್ದೆಯ ಸಂಖ್ಯೆ, ಸಂದರ್ಶನದ ತಾರೀಖುಗಳು, ಕೊನೆಯ ಸುತ್ತು ನಡೆಸಿದ ಮ್ಯಾನೇಜರ್‌ನ ಹೆಸರು ಇವಿಷ್ಟನ್ನು ಬರೆದಿಟ್ಟುಕೊಳ್ಳಿ. ನನ್ನ ಸೋದರಳಿಯನಿಗೆ ಮ್ಯಾನೇಜರ್‌ನ ಹೆಸರು ನೆನಪಿರಲಿಲ್ಲ. ಸಂದರ್ಶನದ ಕ್ಯಾಲೆಂಡರ್ ಆಹ್ವಾನವನ್ನು ಹುಡುಕಿದಾಗ ಹೆಸರೂ ಮೇಲ್ ವಿಳಾಸವೂ ಅದರಲ್ಲೇ ಸಿಕ್ಕವು.

ಜನವರಿಯಲ್ಲಿ ಕಳಿಸಿದ ಪತ್ರವನ್ನು ಇಂಗ್ಲಿಷಿನಲ್ಲೇ ಬರೆದೆವು. ಅದರ ಒಡಲು ಕನ್ನಡದಲ್ಲಿ ಹೀಗಿದೆ:

“ಟೆಸ್ಟಿಂಗ್ ಹುದ್ದೆಗಾಗಿ ಅಕ್ಟೋಬರಿನಲ್ಲಿ ನಾಲ್ಕೂ ಸುತ್ತುಗಳನ್ನು ಮುಗಿಸಿದ್ದೆ, ನವೆಂಬರಿನಲ್ಲಿ ಅದನ್ನು ತಡೆಹಿಡಿಯಲಾಯಿತು. ಹೊಸ ವರ್ಷದ ಮಂಜೂರಾತಿಯಲ್ಲಿ ಈ ಹುದ್ದೆ ಸೇರಿದೆಯೇ? ಹೊಸ ಸಂಖ್ಯೆಯಲ್ಲಿ ತೆರೆದಿದ್ದರೆ ನನ್ನ ಹಿಂದಿನ ಸಂದರ್ಶನಗಳನ್ನು ಅದಕ್ಕೆ ಜೋಡಿಸಬಹುದೇ, ಅಥವಾ ನಾನು ಹೊಸದಾಗಿ ಅರ್ಜಿ ಹಾಕಬೇಕೇ? ಕಳೆದ ಎರಡು ತಿಂಗಳಲ್ಲಿ ನಮ್ಮ ತಂಡದಲ್ಲಿ ಕೈಯಿಂದ ಮಾಡುತ್ತಿದ್ದ ಪರೀಕ್ಷೆಗಳ ಒಂದು ಭಾಗವನ್ನು ಸ್ವಯಂಚಾಲಿತಗೊಳಿಸಿದ್ದೇನೆ. ನನ್ನ ನೋಟಿಸ್ ಅವಧಿ 60 ದಿನ.”

ವಿಷಯದ ಸಾಲಿನಲ್ಲಿ ಹುದ್ದೆಯ ಹೆಸರು, ಹಳೆಯ ಸಂಖ್ಯೆ ಎರಡೂ ಇದ್ದವು. ಹಳೆಯ ಮೇಲ್ ಸರಣಿಯಲ್ಲೇ ಉತ್ತರಿಸಿದ್ದರಿಂದ ಹಿಂದಿನ ಮಾತುಕತೆ ಕೆಳಗೇ ಕಾಣುತ್ತಿತ್ತು. ಅಂತರ್ಜಾಲದಲ್ಲಿ ಸಿಗುವ ಸಿದ್ಧ ಮಾದರಿಯ ಪತ್ರಗಳನ್ನು ಬಳಸಬೇಡಿ. ಒಂದೇ ಒಕ್ಕಣೆಯ ಪತ್ರಗಳನ್ನು ನೋಡಿ ನೋಡಿ ರಿಕ್ರೂಟರ್‌ಗಳು ಮೊದಲ ಸಾಲಿನಲ್ಲೇ ಗುರುತಿಸುತ್ತಾರೆ. ಇಲ್ಲದ ಆಫರ್ ಇದೆಯೆಂದು ಹೇಳುವುದೂ ಬೇಡ. ಸ್ಥಗಿತವಿರುವಾಗ ಅದಕ್ಕೆ ಸಿಗುವ ಉತ್ತರ ‘ದಯವಿಟ್ಟು ಅದನ್ನು ಒಪ್ಪಿಕೊಳ್ಳಿ’ ಎಂಬುದೇ.

ರಿಕ್ರೂಟರ್‌ಗೆ ಕಳಿಸಿದ ಮೇಲ್ ಹಿಂದಿರುಗಿತು, ಆ ವಿಳಾಸವೇ ಇರಲಿಲ್ಲ. ಹಾಗಾದಾಗ, ಅಥವಾ ಒಂದು ವಾರ ಉತ್ತರವೇ ಬಾರದಿದ್ದಾಗ, ಅದೇ ಪತ್ರವನ್ನು ಮ್ಯಾನೇಜರ್‌ಗೆ ಒಮ್ಮೆ ಕಳಿಸಬಹುದು. ಅವರ ಖಾಸಗಿ ಮೊಬೈಲಿಗೆ ಕರೆಮಾಡಬಾರದು. ನಾವು ಕಳಿಸಿದ ಎರಡನೆಯ ದಿನ ಮ್ಯಾನೇಜರ್ ಎರಡು ಸಾಲು ಬರೆದರು: ಹುದ್ದೆ ಫೆಬ್ರವರಿಯಲ್ಲಿ ಹೊಸ ಸಂಖ್ಯೆಯಲ್ಲಿ ತೆರೆಯಲಿದೆ, ಕೊಂಡಿ ಬಂದ ಕೂಡಲೇ ಅರ್ಜಿ ಹಾಕಿ, ಹಿಂದಿನ ಟಿಪ್ಪಣಿಗಳನ್ನು ನಾನೇ ಹೊಸ ರಿಕ್ರೂಟರ್‌ಗೆ ತಲುಪಿಸುತ್ತೇನೆ.

ಹುದ್ದೆ ತೆರೆದ ಮೇಲೆ ಕೇಳಬೇಕಾದದ್ದು ಇನ್ನೂ ಎರಡಿವೆ. ಹಿಂದಿನ ಸುತ್ತುಗಳು ಊರ್ಜಿತವೇ, ಆಗ ಮಾತಾಡಿದ ಸಂಬಳ ಈಗಲೂ ಅದೇ ಇದೆಯೇ? ಹೊಸ ಮಂಜೂರಾತಿಯಲ್ಲಿ ಹುದ್ದೆಯ ದರ್ಜೆಯೇ ಕೆಳಗಿಳಿದಿರಬಹುದು. ಇವನ ವಿಷಯದಲ್ಲಿ ಒಂದು ಸುತ್ತನ್ನು ಮಾತ್ರ ಮತ್ತೆ ನಡೆಸಿದರು, ಸಂಬಳ ಮೊದಲಿನಷ್ಟೇ ಉಳಿಯಿತು. ಆಫರ್ ಲೆಟರ್‌ಗೆ ಸಹಿ ಹಾಕಿ ಕಳಿಸಿದ ಮರುದಿನ ಅವನು ರಾಜೀನಾಮೆ ಕೊಟ್ಟ.