ಹುಬ್ಬಳ್ಳಿಯಿಂದ ಮಾನ್ಯತಾ ಟೆಕ್ ಪಾರ್ಕಿಗೆ ಹೊಸದಾಗಿ ಹೊರಟವರಿಗೆ

ತುಮಕೂರು ರಸ್ತೆಯಿಂದ ಬೆಂಗಳೂರು ಸೇರುವ ರಾತ್ರಿ ಬಸ್ಸಾದರೆ ಮೆಜೆಸ್ಟಿಕ್‌ವರೆಗೆ ಹೋಗಬೇಡಿ, ಗೊರಗುಂಟೆಪಾಳ್ಯದಲ್ಲೇ ಇಳಿಯಿರಿ. ಅಲ್ಲಿಂದ ಹೆಬ್ಬಾಳದ ಮೇಲೆ ನಾಗವಾರದ ಕಡೆ ಹೋಗುವ ಬಿಎಂಟಿಸಿ ಬಸ್ ಹಿಡಿದರೆ ಮಾನ್ಯತಾ ಎಡಗಡೆಗೇ ಸಿಗುತ್ತದೆ, ರಸ್ತೆ ದಾಟಬೇಕಿಲ್ಲ.

ನಿಜವಾದ ತೊಡಕು ಗೇಟಿನ ಬಳಿ. ಥಣಿಸಂದ್ರದ ಕಡೆಗೂ ಇನ್ನೊಂದು ಗೇಟಿದೆ. ಮೊಬೈಲಿನ ನಕ್ಷೆಯಲ್ಲಿ ಬರಿಯ ಪಾರ್ಕಿನ ಹೆಸರು ಹಾಕಿದರೆ ನಿಮ್ಮ ಕಟ್ಟಡ ಸಿಗುವುದಿಲ್ಲ. ಒಳಗೆ ನಡೆಯುವ ದಾರಿಯೂ ದೊಡ್ಡದು. ಹಾಗಾಗಿ ಹೊರಡುವ ಮುನ್ನವೇ ಕಚೇರಿಯವರಿಂದ ಗೇಟು ಮತ್ತು ಬ್ಲಾಕಿನ ಹೆಸರು ಬರೆಸಿಕೊಳ್ಳಿ.

ಕಂಪನಿಯ ವಾಹನ ಬರುವುದಾದರೆ ಸ್ಥಳದ ಹೆಸರಷ್ಟೇ ಸಾಲದು. ರಸ್ತೆಯ ಯಾವ ಬದಿ, ಮೇಲ್ಸೇತುವೆಗೆ ಮೊದಲೋ ನಂತರವೋ, ವಾಹನದ ಸಂಖ್ಯೆ, ಚಾಲಕರ ಫೋನ್, ಇಷ್ಟನ್ನೂ ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ. ಎದುರು ಬದಿಯಲ್ಲಿ ನಿಂತರೆ ವಾಹನ ಕಣ್ಣೆದುರೇ ಹೊರಟುಹೋಗುತ್ತದೆ.